ಸಹಿ ಬದಲಾಗಿದೆ ಎಂದು ಚೆಕ್ ವಾಪಸ್ ಬಂದಾಗ: ಮಾದರಿ ಸಹಿ ಬದಲಿಸುವ ಸಮಗ್ರ ಮಾರ್ಗದರ್ಶಿ

ಖಾತೆಯಲ್ಲಿ ದುಡ್ಡಿತ್ತು. ದಿನಾಂಕ ಸರಿಯಿತ್ತು, ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಸರಿಯಿತ್ತು. ಆದರೂ ಮರಗೆಲಸದವರಿಗೆ ನಾನು ಕೊಟ್ಟ 85,000 ರೂಪಾಯಿಯ ಚೆಕ್ ವಾಪಸ್ ಬಂತು. ಜೊತೆಗೆ ಬಂದ ಚೀಟಿಯಲ್ಲಿ ಇದ್ದ ಕಾರಣ ಒಂದೇ ಸಾಲು: ‘ಡ್ರಾಯರ್ಸ್ ಸಿಗ್ನೇಚರ್ ಡಿಫರ್ಸ್’. ಅಂದರೆ ಚೆಕ್ ಬರೆದವರ ಸಹಿ ಬ್ಯಾಂಕಿನಲ್ಲಿರುವ ಸಹಿಗೆ ಹೊಂದುತ್ತಿಲ್ಲ. ನನ್ನ ಸಹಿಯೇ ನನ್ನದಲ್ಲ ಅಂದರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ?

ಆಮೇಲೆ ಶಾಖೆಗೆ ಹೋಗಿ ಹಳೆಯ ದಾಖಲೆ ನೋಡಿದಾಗ ಸಿಟ್ಟು ಇಳಿಯಿತು. ಖಾತೆ ತೆರೆದಿದ್ದು 2004ರಲ್ಲಿ. ಆಗ ನಾನು ಹೆಸರನ್ನು ಅಕ್ಷರ ಅಕ್ಷರ ಓದುವ ಹಾಗೆ ಬರೆದು, ಕೆಳಗೊಂದು ಗೆರೆ ಎಳೆದು, ಕೊನೆಗೆ ಚುಕ್ಕಿ ಇಡುತ್ತಿದ್ದೆ. ಈಗ ಇರುವುದು ಮೊದಲ ಅಕ್ಷರ, ಒಂದು ಅಲೆ, ಉದ್ದನೆಯ ಬಾಲ. ಅಧಿಕಾರಿ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದಾಗ ನಾನೇ ಆ ಚೆಕ್ ಪಾಸ್ ಮಾಡುತ್ತಿರಲಿಲ್ಲ.

ಬ್ಯಾಂಕಿನ ದಾಖಲೆಯಲ್ಲಿರುವ ಈ ಮಾದರಿ ಸಹಿಯನ್ನು ಬದಲಿಸುವುದು ಅರ್ಧ ಗಂಟೆಯ ಕೆಲಸ. ಆದರೆ ಅದನ್ನು ಯಾವ ದಿನ ಮಾಡುತ್ತೀರಿ, ಅಷ್ಟರಲ್ಲಿ ನಿಮ್ಮ ಯಾವ ಯಾವ ಚೆಕ್‌ಗಳು ಹೊರಗಿವೆ ಎಂಬುದನ್ನು ನೋಡದೆ ಹೋದರೆ ಒಂದು ಚೆಕ್ ಉಳಿಸಲು ಹೋಗಿ ನಾಲ್ಕು ಚೆಕ್ ಕಳೆದುಕೊಳ್ಳುತ್ತೀರಿ. ಈ ಬರಹದಲ್ಲಿ ಹೆಚ್ಚು ಜಾಗ ಅದಕ್ಕೇ ಕೊಟ್ಟಿದ್ದೇನೆ.

ನಿಮ್ಮ ಸಹಿಯನ್ನು ನೋಡುವವರು ಯಾರು?

ಮೊದಲೆಲ್ಲ ಚೆಕ್ ಹಾಳೆಯೇ ನಮ್ಮ ಶಾಖೆಗೆ ಬರುತ್ತಿತ್ತು. ಕೌಂಟರಿನಲ್ಲಿದ್ದವರಿಗೆ ನಮ್ಮ ಮುಖ ಗೊತ್ತು, ಸಹಿಯೂ ಗೊತ್ತು. ಸ್ವಲ್ಪ ವ್ಯತ್ಯಾಸ ಇದ್ದರೆ ಫೋನ್ ಮಾಡಿ ಕೇಳುತ್ತಿದ್ದರು. ಚೆಕ್ ಟ್ರಂಕೇಷನ್ ವ್ಯವಸ್ಥೆ, ಅಂದರೆ ಸಿಟಿಎಸ್ ಬಂದ ಮೇಲೆ ಇದು ಬದಲಾಯಿತು. 2008ರಲ್ಲಿ ದೆಹಲಿಯಲ್ಲಿ ಪ್ರಯೋಗವಾಗಿ ಶುರುವಾದ ಈ ವ್ಯವಸ್ಥೆಯಲ್ಲಿ ಚೆಕ್ ಹಾಳೆ ಅದನ್ನು ಜಮಾ ಮಾಡಿದ ಬ್ಯಾಂಕಿನಲ್ಲೇ ಉಳಿಯುತ್ತದೆ. ನಿಮ್ಮ ಬ್ಯಾಂಕಿಗೆ ಹೋಗುವುದು ಅದರ ಚಿತ್ರ ಮಾತ್ರ. ಸಾಮಾನ್ಯವಾಗಿ ಅದನ್ನು ನೋಡುವವರು ಎಲ್ಲೋ ಒಂದು ಕೇಂದ್ರ ಕಚೇರಿಯಲ್ಲಿ ಕುಳಿತ ಸಿಬ್ಬಂದಿ. ಅವರ ಪರದೆಯ ಒಂದು ಕಡೆ ಚೆಕ್‌ನ ಚಿತ್ರ, ಇನ್ನೊಂದು ಕಡೆ ದಾಖಲೆಯ ಸಹಿ. ನೀವು ಯಾರು ಅಂತ ಅವರಿಗೆ ಗೊತ್ತಿಲ್ಲ.

ಚಿತ್ರವೂ ಫೋಟೋದಷ್ಟು ಚೆನ್ನಾಗಿರುವುದಿಲ್ಲ. ಮುಂಭಾಗದ ಬೂದು ಬಣ್ಣದ ಚಿತ್ರ 100 ಡಿಪಿಐ, ಕಪ್ಪು-ಬಿಳುಪು ಚಿತ್ರ 200 ಡಿಪಿಐ. ತೆಳುವಾದ ಗೆರೆ, ಮಸುಕಾದ ಇಂಕು, ಸಣ್ಣ ಚುಕ್ಕಿ ಇಂಥವು ಅದರಲ್ಲಿ ಮಾಯವಾಗಬಹುದು.

ಸಮಯವೂ ಕಡಿಮೆ. 2025ರ ಅಕ್ಟೋಬರ್ 4ರಿಂದ ಚೆಕ್‌ಗಳು ಹಗಲಿಡೀ ಬಂದ ಹಾಗೆಲ್ಲ ಕ್ಲಿಯರಿಂಗ್‌ಗೆ ಹೋಗುತ್ತವೆ. ಹಣ ಕೊಡಬೇಕಾದ ಬ್ಯಾಂಕ್ ಅದೇ ಸಂಜೆ 7ರೊಳಗೆ ಹೌದು ಅಥವಾ ಇಲ್ಲ ಹೇಳಬೇಕು. ಹೇಳದಿದ್ದರೆ ಒಪ್ಪಿದಂತೆ ಲೆಕ್ಕ. ಹಾಗಾಗಿ ಅನುಮಾನ ಬಂದ ಚೆಕ್‌ಗೆಲ್ಲ ಫೋನ್ ಮಾಡಿ ಕೇಳುತ್ತಾ ಕೂರಲು ಅವರಿಗೆ ಪುರುಸೊತ್ತಿಲ್ಲ.

ಇಷ್ಟಕ್ಕೂ ಅವರು ಯಾಕೆ ಇಷ್ಟು ಹೆದರಬೇಕು? ಕಾನೂನು ಹಾಗಿದೆ. ಸಹಿ ಖೋಟಾ ಆಗಿದ್ದರೆ ಆ ಚೆಕ್ ಗ್ರಾಹಕನ ಆದೇಶವೇ ಅಲ್ಲ, ಹಾಗಾಗಿ ಬ್ಯಾಂಕ್ ಕೊಟ್ಟ ಹಣವನ್ನು ಗ್ರಾಹಕನ ಖಾತೆಯಿಂದ ಕಳೆಯುವಂತಿಲ್ಲ. 1987ರಲ್ಲಿ ಕೆನರಾ ಬ್ಯಾಂಕ್ ಮತ್ತು ಕೆನರಾ ಸೇಲ್ಸ್ ಕಾರ್ಪೊರೇಷನ್ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಅಂದರೆ ಸಹಿ ಹೊಂದದ ಚೆಕ್ ಪಾಸ್ ಮಾಡಿ ಎಡವಟ್ಟಾದರೆ ನಷ್ಟ ಬ್ಯಾಂಕಿನದು. ವಾಪಸ್ ಕಳಿಸಿದರೆ ಬೇಜಾರು ನಿಮ್ಮದು ಮಾತ್ರ. ಅವರ ಜಾಗದಲ್ಲಿ ನಾವಿದ್ದರೂ ಎರಡನೆಯದನ್ನೇ ಆರಿಸುತ್ತಿದ್ದೆವು, ಅಲ್ವಾ?

ಇಲ್ಲಿ ಒಂದು ತಪ್ಪು ಕಲ್ಪನೆ ಇದೆ. 50,000 ರೂಪಾಯಿ ಮತ್ತು ಅದಕ್ಕಿಂತ ಜಾಸ್ತಿಯ ಚೆಕ್‌ಗಳಿಗೆ 2021ರ ಜನವರಿಯಿಂದ ಪಾಸಿಟಿವ್ ಪೇ ಇದೆ, ಅಂದರೆ ಬರೆದ ಚೆಕ್‌ನ ವಿವರವನ್ನು ನಾವೇ ಬ್ಯಾಂಕಿಗೆ ಮೊದಲೇ ತಿಳಿಸುವ ವ್ಯವಸ್ಥೆ. ಅದರಲ್ಲಿ ವಿವರ ತುಂಬಿದರೆ ಸಹಿ ಬೇರೆಯಿದ್ದರೂ ನಡೆಯುತ್ತದೆ ಎಂದು ಹಲವರು ನಂಬಿದ್ದಾರೆ. ನಾನೂ ನಂಬಿದ್ದೆ. ಪಾಸಿಟಿವ್ ಪೇ ನೋಡುವುದು ಚೆಕ್ ಸಂಖ್ಯೆ, ದಿನಾಂಕ, ಮೊತ್ತ, ಪಡೆಯುವವರ ಹೆಸರು ಮುಂತಾದವನ್ನು. ಸಹಿ ಪರೀಕ್ಷೆ ಅದರ ಪಾಡಿಗೆ ಅದು ಬೇರೆಯಾಗಿ ನಡೆಯುತ್ತದೆ.

ಮೊದಲ ಹೆಜ್ಜೆ: ಚೀಟಿಯನ್ನು ಸರಿಯಾಗಿ ಓದಿ

ವಾಪಸ್ ಬಂದ ಚೆಕ್ ಜೊತೆ ರಿಟರ್ನ್ ಮೆಮೊ ಬರುತ್ತದೆ. ಅದು ಸಿಗುವುದು ಚೆಕ್ ಜಮಾ ಮಾಡಿದವರಿಗೆ. ಅವರಿಂದ ಒಂದು ಫೋಟೋ ತರಿಸಿಕೊಳ್ಳಿ. ‘ಸಹಿ ಸರಿ ಇಲ್ಲವಂತೆ’ ಎಂದು ಅವರು ಬಾಯಲ್ಲಿ ಹೇಳಿದ್ದು ಸಾಲದು. ಸಹಿಯ ಬಗ್ಗೆಯೇ ಹಲವು ಕಾರಣಗಳಿವೆ, ಒಂದೊಂದಕ್ಕೂ ಬೇರೆ ಔಷಧಿ.

‘ಡಿಫರ್ಸ್’ ಅಂದರೆ ಆಕಾರವೇ ಬೇರೆ. ಇದಕ್ಕೆ ಸಾಮಾನ್ಯ ಕೋಡ್ 12. ‘ಇನ್‌ಕಂಪ್ಲೀಟ್’ ಅಂದರೆ ಸಹಿ ಅರ್ಧಕ್ಕೆ ನಿಂತಿದೆ, ಇನಿಷಿಯಲ್ ಬಿಟ್ಟಿದ್ದೀರಿ ಅಥವಾ ಕೊನೆ ಅಕ್ಷರ ನುಂಗಿದ್ದೀರಿ. ‘ನಾಟ್ ಆ್ಯಸ್ ಪರ್ ಮ್ಯಾಂಡೇಟ್’ ಎಂದಿದ್ದರೆ ಸಹಿಯ ಆಕಾರಕ್ಕೆ ದೋಷವಿಲ್ಲ. ಜಂಟಿ ಖಾತೆಯಲ್ಲಿ ಇಬ್ಬರೂ ಸಹಿ ಹಾಕಬೇಕಿದ್ದಾಗ ಒಬ್ಬರೇ ಹಾಕಿರಬಹುದು, ಅಥವಾ ಸಂಸ್ಥೆಯ ಖಾತೆಯಲ್ಲಿ ಅಧಿಕಾರವಿಲ್ಲದವರು ಹಾಕಿರಬಹುದು. ಅದಕ್ಕೆ ಮಾದರಿ ಸಹಿ ಬದಲಿಸಿ ಏನೂ ಪ್ರಯೋಜನವಿಲ್ಲ.

ಎರಡನೆಯ ಹೆಜ್ಜೆ: ತಪ್ಪು ಕೈಯದೋ, ದಾಖಲೆಯದೋ ನೋಡಿ

ಗುರುತಿನ ಚೀಟಿ, ಪಾಸ್‌ಬುಕ್, ಚೆಕ್‌ಬುಕ್ ಹಿಡಿದು ಖಾತೆಯಿರುವ ಶಾಖೆಗೇ ಹೋಗಿ. ಮಾದರಿ ಸಹಿಯ ನಕಲನ್ನು ಯಾರೂ ಕೈಗೆ ಕೊಡುವುದಿಲ್ಲ, ಕೊಡಲೂಬಾರದು. ಆದರೆ ನೀವು ಒಂದು ಹಾಳೆಯ ಮೇಲೆ ಸಹಿ ಹಾಕಿ ‘ಇದು ನಿಮ್ಮ ದಾಖಲೆಗೆ ಹೊಂದುತ್ತದೆಯಾ ನೋಡಿ’ ಎಂದು ಕೇಳಬಹುದು. ಎಲ್ಲಿ ವ್ಯತ್ಯಾಸ ಎಂದು ಹೇಳಲು ಹೆಚ್ಚಿನವರು ತಕರಾರು ಮಾಡುವುದಿಲ್ಲ.

ಆಗ ಒಂದು ಅಚ್ಚರಿ ಕಾದಿರಬಹುದು. ನಿಮ್ಮ ಸಹಿ ಬದಲಾಗಿಯೇ ಇರುವುದಿಲ್ಲ, ದಾಖಲೆ ಕೆಟ್ಟಿರುತ್ತದೆ. ಬ್ಯಾಂಕುಗಳು ಕಂಪ್ಯೂಟರಿಗೆ ಬಂದ ಕಾಲದಲ್ಲಿ ಹಳೆಯ ಅರ್ಜಿಗಳ ಸಹಿಯನ್ನು ಸ್ಕ್ಯಾನ್ ಮಾಡಿ ಹಾಕಿದರು. ಆಗ ಕೆಲವು ಸಹಿಗಳ ಬಾಲ ಕತ್ತರಿಸಿತು, ಕೆಲವು ಮಸುಕಾದವು. ಅಂಥ ಸಂದರ್ಭದಲ್ಲಿ ನೀವು ಕೇಳಬೇಕಾದ್ದು ಬದಲಾವಣೆಯಲ್ಲ, ಅದೇ ಸಹಿಯ ಹೊಸ ಸ್ಕ್ಯಾನ್. ಅರ್ಜಿ ಒಂದೇ ಇರಬಹುದು. ಆದರೆ ಹೊರಗಿರುವ ಚೆಕ್‌ಗಳ ತಲೆನೋವು ಇರುವುದಿಲ್ಲ.

ಚೆಕ್ ಹಾಳೆಯನ್ನೂ ನೋಡಿ. ಕೆಳಗಿನ ಬಿಳಿ ಪಟ್ಟಿಯ ತನಕ ಸಹಿ ಇಳಿದಿತ್ತಾ? ಸಂಸ್ಥೆಯ ಸೀಲು ಸಹಿಯ ಮೇಲೆ ಬಿದ್ದಿತ್ತಾ? ಪೆನ್ನು ಅರ್ಧಕ್ಕೆ ಕೈಕೊಟ್ಟಿತ್ತಾ? ಇವು ಮಾದರಿ ಸಹಿ ಬದಲಿಸದೆ ಸರಿಹೋಗುವ ತಪ್ಪುಗಳು.

ವ್ಯತ್ಯಾಸ ನಿಜವಾಗಿಯೂ ಇದ್ದರೆ ನಿಮ್ಮ ಮುಂದೆ ಎರಡು ದಾರಿ. ಹಳೆಯ ಸಹಿಗೆ ಮರಳುವುದು, ಅಥವಾ ದಾಖಲೆ ಬದಲಿಸುವುದು. ವರ್ಷಕ್ಕೆ ಎರಡು ಮೂರು ಚೆಕ್ ಬರೆಯುವವರಿಗೆ, ಹಳೆಯ ಸಹಿ ಇನ್ನೂ ಕೈಗೆ ಬರುತ್ತದೆ ಎನ್ನುವವರಿಗೆ ಮೊದಲನೆಯದೇ ಸುಲಭ ಎನ್ನುವುದು ನನ್ನ ಅಭಿಪ್ರಾಯ. ಆದರೆ ಪ್ರತಿ ಸಲ ಅನುಕರಣೆ ಮಾಡುವಂತೆ ತಡೆತಡೆದು ಬರೆಯಬೇಕಾದರೆ ಬೇಡ. ತಡೆದು ಬರೆದ ಗೆರೆ ನಡುಗುತ್ತದೆ, ಅದು ಖೋಟಾ ಸಹಿಯ ಹಾಗೇ ಕಾಣುತ್ತದೆ.

ಮೂರನೆಯ ಹೆಜ್ಜೆ: ಹೊರಗಿರುವ ಚೆಕ್‌ಗಳ ಪಟ್ಟಿ

ಎಲ್ಲರೂ ಬಿಡುವ ಹೆಜ್ಜೆ ಇದು. ಹೊಸ ಸಹಿ ದಾಖಲೆಗೆ ಸೇರಿದ ಕ್ಷಣದಿಂದ, ಪರದೆಯ ಮೇಲೆ ಬರುವುದು ಹೊಸದು. ನೀವು ಕಳೆದ ತಿಂಗಳು ಹಳೆಯ ಸಹಿಯಲ್ಲಿ ಬರೆದುಕೊಟ್ಟ ಚೆಕ್ ಈಗ ಬಂದರೆ ಅದನ್ನೂ ಹೊಸದರ ಜೊತೆಗೇ ಹೋಲಿಸುವ ಸಾಧ್ಯತೆ ಇದೆ. ನಿನ್ನೆ ತನಕ ಸರಿಯಿದ್ದ ಚೆಕ್ ಇವತ್ತು ವಾಪಸ್.

ನನ್ನ ಲೆಕ್ಕ ಹೀಗಿತ್ತು. ಚೆಕ್‌ಬುಕ್ಕಿನ ಉಳಿದ ಕೌಂಟರ್‌ಫಾಯಿಲುಗಳನ್ನೂ ಪಾಸ್‌ಬುಕ್ಕನ್ನೂ ಮುಂದಿಟ್ಟುಕೊಂಡು, ಬರೆದುಕೊಟ್ಟಿದ್ದರೂ ಹಣ ಹೋಗದ ಚೆಕ್‌ಗಳನ್ನು ಗುರುತು ಮಾಡಿದೆ. ಐದು ಸಿಕ್ಕವು. ವಾಪಸ್ ಬಂದ 85,000ದ್ದು ಒಂದು. ಅಪಾರ್ಟ್‌ಮೆಂಟ್ ಸಂಘಕ್ಕೆ ಕೊಟ್ಟ 12,000ದ್ದು ಒಂದು. ಮನೆ ಮಾಲೀಕರಿಗೆ ಮುಂದಿನ ಮೂರು ತಿಂಗಳ ದಿನಾಂಕ ಹಾಕಿ ಕೊಟ್ಟ ತಲಾ 18,000ದ ಮೂರು.

ಆಮೇಲೆ ಪ್ರತಿಯೊಂದರ ಮುಂದೆ ಯಾವ ಸಹಿ ಎಂದು ಬರೆದೆ. ಸಂಘದ್ದು ಮತ್ತು ಬಾಡಿಗೆಯವು ಮನೆಯಲ್ಲಿ ನಿಧಾನವಾಗಿ ಕೂತು ಹಳೆಯ ರೀತಿಯಲ್ಲಿ ಬರೆದವು. ಮರಗೆಲಸದವರದ್ದು ನಿಂತಲ್ಲೇ, ಗೋಡೆಗೆ ಒತ್ತಿ, ಗಡಿಬಿಡಿಯಲ್ಲಿ ಹಾಕಿದ ಹೊಸ ಸಹಿ. ಇಷ್ಟು ದಿನ ನನ್ನ ಚೆಕ್‌ಗಳು ಪಾಸಾಗಿದ್ದು ಯಾಕೆ, ಇದೊಂದೇ ಬಿದ್ದಿದ್ದು ಯಾಕೆ ಎನ್ನುವುದೂ ಆಗಲೇ ತಿಳಿಯಿತು.

ಸಂಘದ ಚೆಕ್ ಆಗಲೇ ಜಮಾ ಆಗಿತ್ತು. ಅದರ ಹಣ ಖಾತೆಯಿಂದ ಕಡಿತವಾಗುವ ತನಕ ಅರ್ಜಿ ಕೊಡದೆ ಕಾದೆ. ಬಾಡಿಗೆಯ ಮೂರಕ್ಕೆ ಕಾಯಲು ಆಗುತ್ತಿರಲಿಲ್ಲ. ಮಾಲೀಕರಿಗೆ ಫೋನ್ ಮಾಡಿ ವಿಷಯ ಹೇಳಿದೆ. ‘ಅದಕ್ಕೇನಂತೆ, ಹೊಸದು ಕೊಡಿ’ ಎಂದರು. ಹೊಸ ಸಹಿ ದಾಖಲೆಯಾದ ಮೇಲೆ ಮೂರು ಹೊಸ ಚೆಕ್ ಕೊಟ್ಟು, ಹಳೆಯ ಮೂರನ್ನು ವಾಪಸ್ ಪಡೆದು ಹರಿದೆ.

ಸಾಲದ ಭದ್ರತೆಗೆಂದು ಯಾವಾಗಲೋ ಕೊಟ್ಟ ಚೆಕ್‌ಗಳನ್ನು ಮರೆಯಬೇಡಿ. ಅವೂ ಹಳೆಯ ಸಹಿಯಲ್ಲೇ ಇರುತ್ತವೆ. ಸಾಲ ಕೊಟ್ಟ ಸಂಸ್ಥೆಗೆ ಬರವಣಿಗೆಯಲ್ಲಿ ತಿಳಿಸಿ ಬದಲಿ ಚೆಕ್ ಕೊಡಿ. ಕಂತು ಎನ್‌ಎಸಿಎಚ್ ಮೂಲಕ, ಅಂದರೆ ಖಾತೆಯಿಂದ ತಾನಾಗಿ ಕಡಿತವಾಗಿ ಹೋಗುತ್ತಿದ್ದರೆ ಅದಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ, ಸಹಿ ನೋಡುವುದು ಆ ಕಡಿತಕ್ಕೆ ನೀವು ಕೊಡುವ ಅನುಮತಿ ಪತ್ರದ, ಅಂದರೆ ಮ್ಯಾಂಡೇಟ್‌ನ ನೋಂದಣಿಯ ಹೊತ್ತಿನಲ್ಲಿ. ಇನ್ನು ಮುಂದೆ ಕಾಗದದ ಮ್ಯಾಂಡೇಟ್ ಕೊಟ್ಟರೆ ಮಾತ್ರ ಹೊಸ ಸಹಿ ಹಾಕಿ.

ಯಾವುದೋ ಒಂದು ಚೆಕ್ ವಾಪಸ್ ಪಡೆಯಲು ಆಗುತ್ತಿಲ್ಲ ಅನ್ನಿ. ಆ ಚೆಕ್‌ಗೆ ಹಣ ಕೊಡಬೇಡಿ ಎಂದು ಬ್ಯಾಂಕಿಗೆ ಸ್ಟಾಪ್ ಪೇಮೆಂಟ್ ಕೊಟ್ಟು ಕೈ ತೊಳೆದುಕೊಳ್ಳುವುದು ಜಾಣತನವಲ್ಲ. ಕೊಡಬೇಕಾದ ಹಣಕ್ಕೆ ಸ್ಟಾಪ್ ಪೇಮೆಂಟ್ ಹಾಕಿದರೂ ಚೆಕ್ ಬೌನ್ಸ್ ಮೊಕದ್ದಮೆ ಬರಬಹುದು. ಆ ಮೊತ್ತವನ್ನು ನೆಫ್ಟ್ ಅಥವಾ ಆರ್‌ಟಿಜಿಎಸ್ ಮೂಲಕ ಕಳಿಸಿ, ಚೆಕ್ ಸಂಖ್ಯೆ ಹಾಕಿ ‘ಹಣ ತಲುಪಿದೆ, ಈ ಚೆಕ್ ಜಮಾ ಮಾಡುವುದಿಲ್ಲ’ ಎಂದು ಬರೆಸಿಕೊಳ್ಳಿ. ನೆನಪಿರಲಿ, ಚೆಕ್‌ಗೆ ಅದರ ಮೇಲಿನ ದಿನಾಂಕದಿಂದ 3 ತಿಂಗಳು ಮಾತ್ರ ಜೀವ.

ನಾಲ್ಕನೆಯ ಹೆಜ್ಜೆ: ಹೊಸ ಸಹಿ ಯಾವುದೆಂದು ಮನೆಯಲ್ಲೇ ತೀರ್ಮಾನಿಸಿ

ಕೌಂಟರಿನ ಮುಂದೆ ನಿಂತು ಯೋಚಿಸಬೇಡಿ. ಬಿಳಿ ಹಾಳೆಯ ಮೇಲೆ ಇಪ್ಪತ್ತು ಸಲ ಹಾಕಿ. ಕೆಲವು ಬೆಳಿಗ್ಗೆ, ಕೆಲವು ರಾತ್ರಿ, ಕೆಲವು ನಿಂತು. ಇಪ್ಪತ್ತರಲ್ಲೂ ಒಂದೇ ಥರ ಉಳಿದ ಭಾಗಗಳೇ ನಿಮ್ಮ ನಿಜವಾದ ಸಹಿ. ಒಮ್ಮೆ ಬಂದು ಒಮ್ಮೆ ಹೋಗುವ ಚುಕ್ಕಿ, ಗೆರೆಗಳನ್ನು ಕೈಬಿಡಿ. ಬರೀ ಒಂದು ಗೀಚು ಬೇಡ, ಯಾರು ಬೇಕಾದರೂ ಅನುಕರಿಸಬಹುದು. ತೀರಾ ಹೂಬಳ್ಳಿಯೂ ಬೇಡ, ಗಡಿಬಿಡಿಯಲ್ಲಿ ನೀವೇ ಮರೆಯುತ್ತೀರಿ. ಕನ್ನಡದಲ್ಲೇ ಹಾಕಬಹುದು. ಆದರೆ ಒಮ್ಮೆ ಕನ್ನಡ ಒಮ್ಮೆ ಇಂಗ್ಲಿಷ್ ಆಗಬಾರದು.

ಐದನೆಯ ಹೆಜ್ಜೆ: ಶಾಖೆಯಲ್ಲಿ

ನಿಮ್ಮ ಖಾತೆಯಿರುವ ಶಾಖೆಗೇ ಹೋಗುವುದು ಒಳ್ಳೆಯದು. ನಿಮ್ಮ ಅರ್ಜಿಯ ಮೂಲ ಅಲ್ಲೇ ಇರುತ್ತದೆ. ಆಧಾರ್, ಪ್ಯಾನ್ ಮುಂತಾದ ಗುರುತಿನ ದಾಖಲೆಗಳ ಮೂಲ ಮತ್ತು ನಕಲು, ಪಾಸ್‌ಬುಕ್, ಒಂದು ಇತ್ತೀಚಿನ ಫೋಟೋ ಇಟ್ಟುಕೊಳ್ಳಿ. ನೀವೇ ಖುದ್ದಾಗಿ ಹೋಗಬೇಕು. ಮಗನ ಕೈಯಲ್ಲಿ ಅರ್ಜಿ ಕಳಿಸಿದರೆ ನಡೆಯುವುದಿಲ್ಲ, ಅಧಿಕಾರಿಯ ಕಣ್ಣೆದುರೇ ಸಹಿ ಹಾಕಬೇಕು.

ಸಹಿ ಬದಲಾವಣೆಯ ಅರ್ಜಿಯಲ್ಲಿ ಹಳೆಯ ಸಹಿಗೊಂದು ಜಾಗ, ಹೊಸದಕ್ಕೊಂದು ಜಾಗ ಇರುತ್ತದೆ. ಅಚ್ಚಾದ ಅರ್ಜಿ ಇಲ್ಲದಿದ್ದರೆ ಬಿಳಿ ಹಾಳೆಯ ಮೇಲೆ ಬರೆದುಕೊಡಿ. ಒಕ್ಕಣೆ ಇಷ್ಟು ಸಾಕು: ‘ನನ್ನ ಸಹಿ ಕಾಲಕ್ರಮದಲ್ಲಿ ಬದಲಾಗಿದೆ. ಈ ಖಾತೆಗಳಲ್ಲಿರುವ ಮಾದರಿ ಸಹಿಯ ಬದಲು ಕೆಳಗಿನ ಸಹಿಯನ್ನು ದಾಖಲಿಸಿಕೊಳ್ಳಬೇಕೆಂದು ಕೋರುತ್ತೇನೆ. ಹಳೆಯ ಸಹಿಯಲ್ಲಿ ನಾನು ಕೊಟ್ಟಿರುವ, ಇನ್ನೂ ಹಣವಾಗದ ಚೆಕ್‌ಗಳ ಸಂಖ್ಯೆ ಮತ್ತು ಮೊತ್ತ ಹೀಗಿವೆ.’ ಈ ಕೊನೆಯ ಸಾಲು ಅರ್ಜಿಯಲ್ಲಿ ಅಚ್ಚಾಗಿರದಿದ್ದರೆ ನೀವೇ ಸೇರಿಸಬೇಕು. ಯಾವುದೂ ಬಾಕಿ ಇಲ್ಲದಿದ್ದರೆ ‘ಯಾವುದೂ ಇಲ್ಲ’ ಎಂದು ಬರೆಯಿರಿ.

‘ಈ ಖಾತೆಗಳಲ್ಲಿ’ ಎಂದು ಬಹುವಚನ ಹಾಕಿದ್ದಕ್ಕೆ ಕಾರಣ ಇದೆ. ಉಳಿತಾಯ ಖಾತೆಯಲ್ಲಿ ಬದಲಾದ ಸಹಿ ಅದೇ ಬ್ಯಾಂಕಿನ ಠೇವಣಿ, ಲಾಕರ್, ಜಂಟಿ ಖಾತೆಗಳಲ್ಲಿ ತಾನಾಗಿಯೇ ಬದಲಾಗುತ್ತದೆ ಎಂದುಕೊಳ್ಳಬೇಡಿ. ಸಂಖ್ಯೆಗಳನ್ನೆಲ್ಲ ಬರೆದೇ ಕೊಡಿ.

ಹಳೆಯ ಸಹಿ ಹಾಕಲು ಬಾರದೇ ಹೋದರೆ? ಆಗ ಗುರುತಿನ ದಾಖಲೆ ಮತ್ತು ಫೋಟೋ ಮೇಲೆ ನಿಮ್ಮನ್ನು ಗುರುತಿಸಿ, ಅಧಿಕಾರಿ ದೃಢೀಕರಿಸುತ್ತಾರೆ. ಇದಕ್ಕೆ ಸ್ವಲ್ಪ ಹೆಚ್ಚು ಪ್ರಶ್ನೆ ಕೇಳಬಹುದು. ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ಹೆಸರಿನಲ್ಲಿ ಬೇರೆಯವರು ಬಂದು ಸಹಿ ಬದಲಿಸದಿರಲಿ ಎಂದೇ ಅದು.

ಮಾದರಿ ಸಹಿಯನ್ನು ಚೌಕದ ಗೆರೆಗೆ ತಾಗದಂತೆ, ದಪ್ಪ ಗಾಢ ಇಂಕಿನಲ್ಲಿ ಹಾಕಿ. ಚೌಕ ಚಿಕ್ಕದಿದೆ ಎಂದು ಸಹಿಯನ್ನು ಕುಗ್ಗಿಸಿದರೆ ಅದೇ ಕುಗ್ಗಿದ ಸಹಿ ದಾಖಲೆಯಾಗುತ್ತದೆ. ಸ್ವೀಕೃತಿಯನ್ನು ದಿನಾಂಕ ಮತ್ತು ಸೀಲಿನೊಂದಿಗೆ ಪಡೆಯಿರಿ. ಎಷ್ಟು ದಿನವಾಗುತ್ತದೆ, ಶುಲ್ಕ ಏನಾದರೂ ಇದೆಯಾ ಎನ್ನುವುದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ಅಲ್ಲೇ ಕೇಳಿ.

ಆರನೆಯ ಹೆಜ್ಜೆ: ಪರೀಕ್ಷೆ

ಅರ್ಜಿ ಕೊಟ್ಟ ದಿನ ಸಹಿ ಬದಲಾಗಿದೆ ಎಂದು ಭಾವಿಸಿ ದೊಡ್ಡ ಚೆಕ್ ಬರೆಯಬೇಡಿ. ಸ್ಕ್ಯಾನ್ ಮಾಡಿ, ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಅನುಮೋದಿಸಿದ ಮೇಲೆಯೇ ಅದು ಜಾರಿಗೆ ಬರುವುದು. ಬದಲಾಯಿತು ಎಂದು ಶಾಖೆಯವರು ಹೇಳಿದ ಮೇಲೆ ನಾನು ಮಾಡಿದ್ದು ಇದು: ಬೇರೆ ಬ್ಯಾಂಕಿನಲ್ಲಿರುವ ನನ್ನದೇ ಇನ್ನೊಂದು ಖಾತೆಗೆ 100 ರೂಪಾಯಿಯ ಚೆಕ್ ಬರೆದು ಜಮಾ ಮಾಡಿದೆ. ಬೇರೆ ಬ್ಯಾಂಕೇ ಬೇಕು. ಅದೇ ಬ್ಯಾಂಕಿನೊಳಗೆ ಹಾಕಿದರೆ ಚೆಕ್ ಕ್ಲಿಯರಿಂಗ್ ದಾರಿಗೆ ಹೋಗುವುದೇ ಇಲ್ಲ, ಪರೀಕ್ಷೆ ಅರ್ಧವಾಗುತ್ತದೆ. 100 ರೂಪಾಯಿ ಕಡಿತವಾದ ಮೇಲೆ ಬಾಡಿಗೆಯ ಹೊಸ ಚೆಕ್‌ಗಳನ್ನು ಬರೆದೆ. ಸಣ್ಣ ಮೊತ್ತವನ್ನು ಅಷ್ಟು ಕೂಲಂಕಷವಾಗಿ ನೋಡದೆಯೂ ಇರಬಹುದು. ಆದರೂ ಹೊಸ ದಾಖಲೆಯಲ್ಲಿ ಢಾಳಾದ ತಪ್ಪಿದ್ದರೆ 100 ರೂಪಾಯಿಯಲ್ಲೇ ಗೊತ್ತಾಗಲಿ ಅಂತ.

ಈಗಾಗಲೇ ವಾಪಸ್ ಬಂದ ಚೆಕ್ ಏನು ಮಾಡುವುದು?

‘ಹಣ ಇಲ್ಲದೆ ಬೌನ್ಸ್ ಆದರೆ ಮಾತ್ರ ಕೇಸು, ಸಹಿಗೆ ಏನೂ ಆಗಲ್ಲ’ ಎನ್ನುವ ಮಾತು ಜನರಲ್ಲಿದೆ. ಅದು ಸರಿಯಲ್ಲ. 2012ರ ನವೆಂಬರಿನಲ್ಲಿ ಲಕ್ಷ್ಮೀ ಡೈಕೆಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಹಿ ಹೊಂದದೆ ವಾಪಸ್ ಬಂದ ಚೆಕ್ ಕೂಡ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂನೊಳಗೆ ಬರಬಹುದು ಎಂದಿತು. ಬೇಕಂತಲೇ ಸಹಿ ಬದಲಿಸಿ ಸಾಲಗಾರರು ತಪ್ಪಿಸಿಕೊಳ್ಳಬಾರದು ಎನ್ನುವುದು ಅದರ ತಿರುಳು.

ಪ್ರಾಮಾಣಿಕರಿಗೆ ದಾರಿಯೂ ಅದೇ ಕಲಂನಲ್ಲಿದೆ. ಹಣ ಬರಬೇಕಾದವರು ಚೆಕ್ ವಾಪಸ್ಸಾದದ್ದು ತಿಳಿದ 30 ದಿನದೊಳಗೆ ನಿಮಗೆ ನೋಟಿಸ್ ಕಳಿಸಬೇಕು. ನೋಟಿಸ್ ಕೈಸೇರಿದ 15 ದಿನದೊಳಗೆ ನೀವು ಹಣ ಕೊಟ್ಟರೆ ಅಪರಾಧವೇ ಆಗುವುದಿಲ್ಲ. ಆದರೆ ನೋಟಿಸಿನ ತನಕ ಯಾಕೆ ಕಾಯಬೇಕು? ನಾನು ಅದೇ ದಿನ 85,000 ರೂಪಾಯಿಯನ್ನು ನೆಫ್ಟ್ ಮಾಡಿ, ಅವರ ಬ್ಯಾಂಕ್ ಹಾಕಿದ ವಾಪಸಾತಿ ಶುಲ್ಕವನ್ನೂ ಕೊಟ್ಟೆ. ಮೂಲ ಚೆಕ್ ಮತ್ತು ಮೆಮೊ ವಾಪಸ್ ಪಡೆದೆ. ಅವನ್ನು ವಾಪಸ್ ಪಡೆಯದೆ ಹಣ ಮಾತ್ರ ಕೊಟ್ಟು ಬಂದರೆ, ಮಾದರಿ ಸಹಿ ಬದಲಾದ ಮೇಲೆ ಅದೇ ಚೆಕ್ ಮತ್ತೆ ಜಮಾ ಆಗಿ ಈ ಸಲ ಪಾಸಾಗಿಬಿಡಬಹುದು. ಹೊಸ ಸಹಿಯ ಚೆಕ್ ಅದು, ನೋಡಿ.

ಕೆಲವು ಬೇರೆ ಸಂದರ್ಭಗಳು

ವಯಸ್ಸಾಗಿ ಕೈ ನಡುಗುವವರಿಗೆ ಹೊಸ ಮಾದರಿ ಸಹಿ ಪರಿಹಾರವಲ್ಲ, ಮುಂದಿನ ವರ್ಷಕ್ಕೆ ಅದೂ ಬದಲಾಗಿರುತ್ತದೆ. ಅವರಿಗೆ ಹೆಬ್ಬೆಟ್ಟಿನ ಗುರುತಿನ ವ್ಯವಸ್ಥೆ ಇದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ, ಸಹಿ ಹಾಕಲಾಗದ ವೃದ್ಧರು ಮತ್ತು ರೋಗಿಗಳ ಹೆಬ್ಬೆಟ್ಟಿನ ಅಥವಾ ಕಾಲ್ಬೆರಳಿನ ಗುರುತನ್ನು ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿಗಳು ಗುರುತಿಸಬೇಕು. ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಅಪ್ಪ ಅಮ್ಮನ ಸಹಿಯನ್ನು ಮಕ್ಕಳೇ ‘ಹಾಗೇ ಹಾಕಿಬಿಡುವ’ ಅಭ್ಯಾಸ ಕೆಲವು ಮನೆಗಳಲ್ಲಿದೆ. ಎಷ್ಟೇ ಒಳ್ಳೆಯ ಉದ್ದೇಶವಿದ್ದರೂ ಅದು ಖೋಟಾ ಸಹಿಯೇ. ಬದಲಿಗೆ ಅವರು ಒಪ್ಪಿದರೆ ಖಾತೆಯನ್ನು ಜಂಟಿ ಮಾಡಿ, ಇಬ್ಬರಲ್ಲಿ ಯಾರಾದರೂ ನಡೆಸಬಹುದಾದ ರೀತಿಯಲ್ಲಿ ಇಡಿ.

ಮದುವೆಯ ನಂತರ ಹೆಸರು ಬದಲಾಗಿ ಸಹಿಯೂ ಬದಲಾದವರು ಮೊದಲು ಖಾತೆಯ ಹೆಸರು ಬದಲಿಸಬೇಕು, ಆಮೇಲೆ ಸಹಿ. ಅಪ್ರಾಪ್ತರಾಗಿದ್ದಾಗ ತೆರೆದ ಖಾತೆಯವರು 18 ತುಂಬಿದಾಗ ಹೊಸ ಮಾದರಿ ಸಹಿ ಕೊಡಲೇಬೇಕು. ಸಂಸ್ಥೆಯ ಖಾತೆಯಲ್ಲಿ ಸಹಿಯ ಆಕಾರ ಮಾತ್ರ ಬದಲಾದರೆ ಸರಿ, ಸಹಿ ಹಾಕುವವರೇ ಬದಲಾದರೆ ಪಾಲುದಾರರ ಪತ್ರ ಅಥವಾ ಆಡಳಿತ ಮಂಡಳಿಯ ನಿರ್ಣಯ ಬೇಕು.

ಬ್ಯಾಂಕಿನಲ್ಲಿ ಬದಲಾಯಿಸಿದ ಸಹಿ ಬೇರೆಲ್ಲೂ ತಾನಾಗಿ ಬದಲಾಗುವುದಿಲ್ಲ. ಪ್ಯಾನ್, ಡಿಮ್ಯಾಟ್, ಮ್ಯೂಚುವಲ್ ಫಂಡ್, ವಿಮೆ ಎಲ್ಲಕ್ಕೂ ಬೇರೆ ಬೇರೆ ಅರ್ಜಿ. ಅವುಗಳಲ್ಲಿ ಕೆಲವರು ‘ನಿಮ್ಮ ಬ್ಯಾಂಕಿನಿಂದ ಸಹಿ ದೃಢೀಕರಿಸಿ ತನ್ನಿ’ ಎನ್ನುತ್ತಾರೆ. ಕಾಗದದ ರೂಪದ ಷೇರು ಇರುವವರಿಗೆ ಇದಕ್ಕೆಂದೇ ಐಎಸ್‌ಆರ್-2 ಎಂಬ ಅರ್ಜಿ ಇದೆ, ಬ್ಯಾಂಕ್ ಮ್ಯಾನೇಜರ್ ಅದರ ಮೇಲೆ ಸಹಿ ಮತ್ತು ಸೀಲು ಹಾಕುತ್ತಾರೆ. ಆದ್ದರಿಂದ ಬ್ಯಾಂಕಿನ ದಾಖಲೆಯನ್ನೇ ಮೊದಲು ಸರಿ ಮಾಡಿಸಿ, ಉಳಿದ ಕಡೆಗೆ ಆಮೇಲೆ ಹೋಗಿ.